ಗೊಬ್ಬರ ವಿಚಾರ

ನಮ್ಮ ಅವ್ವ ಐದು ಮಕ್ಕಳನ್ನು ಹಡೆದಳು. ಸರ್ಕಾರಿ ಕಾಗದ ನಂಬುವುದಾದರೆ ಐದೂ ಮಂದಿ ಹುಟ್ಟಿದ್ದು ಜೂನ್ 1ರಂದೇ. ವರ್ಷ ಮಾತ್ರ ಬೇರೆ ಬೇರೆ. ನಮ್ಮ ವಯಸ್ಸಿನ, ನಮ್ಮ ಕಡೆಯ ಯಾರನ್ನೇ ಕೇಳಿ, ಅರ್ಧಕ್ಕರ್ಧ ಮಂದಿ ಜೂನ್ 1ರವರೇ. ಅಪ್ಪ ಕೈ ಹಿಡಿದು ಸಾಲಿಗೆ ಕರಕೊಂಡು ಹೋಗುತ್ತಿದ್ದ. ಹೆಡ್ಮಾಸ್ತರು ಹುಡುಗನ ಎತ್ತರ ನೋಡಿ ಒಂದು ವರ್ಷ ಅಂದಾಜು ಮಾಡಿ, ಸಾಲಿ ಸುರುವಾಗುವ ಜೂನ್ ಒಂದನ್ನೇ ಬರಕೊಳ್ಳುತ್ತಿದ್ದರು. ಆ ಒಂದು ಸಾಲು ಮುಂದೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ, ಅಲ್ಲಿಂದ ನೌಕರಿಯ ಪುಸ್ತಕಕ್ಕೆ, ಅಲ್ಲಿಂದ ಆಧಾರ್ ಕಾರ್ಡಿಗೆ ಹೋಗಿ ಕೂತುಬಿಡುತ್ತದೆ.

ನಮ್ಮ ಅಕ್ಕನ ದಾಖಲೆಯಲ್ಲಿ ಇರುವುದು 1964ರ ಜೂನ್ 1. ಹಿರೇಕೆರೂರು ತಾಲ್ಲೂಕಿನ ಹಳ್ಳಿಗಳ ಕನ್ನಡ ಸಾಲಿಗಳಲ್ಲಿ ಮೂವತ್ತು ವರ್ಷದ ಮೇಲೆ ಪಾಠ ಹೇಳಿದವಳು. ಸರ್ಕಾರಿ ನೌಕರರು ಅರವತ್ತು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ ಆಗುತ್ತಾರೆ. ಆದರೆ ಹುಟ್ಟಿದ ದಿನ ಒಂದನೇ ತಾರೀಖು ಆಗಿದ್ದರೆ ಅದರ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಹಂಗಾಗಿ 2024ರ ಮೇ 31ಕ್ಕೆ ಅಕ್ಕ ಮನೆಗೆ ಬಂದಳು. ಸಾಲಿಯಲ್ಲಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಚಹಾ ಕುಡಿಸಿ ಕಳಿಸಿದರು. ಬೇಸಿಗೆ ರಜೆ ಮುಗಿದು ಸಾಲಿ ಆಗಷ್ಟೇ ತೆರೆದಿತ್ತು, ಮಕ್ಕಳು ಇನ್ನೂ ಸರಿಯಾಗಿ ಬಂದಿರಲಿಲ್ಲ. ನಾವು ನಾಲ್ಕು ಮಂದಿ ತಂಗಿ-ತಮ್ಮಂದಿರು ಫೋನಿನಲ್ಲೇ ಶುಭಾಶಯ ಹೇಳಿ ಮುಗಿಸಿದೆವು.

ಆಗಸ್ಟಿನಲ್ಲಿ ನಾನು ಬೆಂಗಳೂರಿನಿಂದ ಹಾನಗಲ್ಲಿಗೆ ಹೋಗಿದ್ದೆ. ಅಲ್ಲಿ ಅಣ್ಣನ ಹತ್ತಿರ ಅವ್ವ ಇದ್ದಾಳೆ. ಮಾತಿಗೆ ಮಾತು ಬಂದು ಅಕ್ಕನ ನಿವೃತ್ತಿ ಸುದ್ದಿ ಬಂತು. ಅವ್ವ ಎಲಿ ಹಾಕಿಕೊಳ್ಳುತ್ತಾ ಅಂದಳು, "ಅಕಿಗೆಲ್ಲಿ ಅರವತ್ತಾದ್ವು? ಅಕಿ ಹುಟ್ಟಿದ್ದು ಶೀಗಿ ಹುಣ್ಣಿಮಿ ದಿನ. ಹೊಲಕ್ಕ ಬುತ್ತಿ ಕಟ್ಟಿ ಕಳಿಸಿ ಒಳಗ ಬಂದೆ, ಹೊಟ್ಟಿ ನೋವು ಸುರು ಆತು. ನೆಹರೂ ಸತ್ತ ವರ್ಷ ಅದು."

ನೆಹರೂ ತೀರಿಕೊಂಡಿದ್ದು 1964ರ ಮೇ 27. ಆ ವರ್ಷದ ಶೀಗಿ ಹುಣ್ಣಿಮೆ ಬಿದ್ದದ್ದು ಅಕ್ಟೋಬರ್ 21ರ ಆಸುಪಾಸು. ಅಂದರೆ ಅಕ್ಕ ನಾಲ್ಕೂವರೆ ತಿಂಗಳು ಮೊದಲೇ ಅರವತ್ತು ಮುಗಿಸಿ ಮನೆಗೆ ಬಂದಿದ್ದಳು. ಖರೇ ಅರವತ್ತು ತುಂಬುವುದು ಬರುವ ಶೀಗಿ ಹುಣ್ಣಿಮೆಗೆ. ಜೀವನದಲ್ಲಿ ಒಂದು ಸಲವೂ ಆಕೆಯ ಖರೇ ಹುಟ್ಟಿದ ದಿನ ಯಾರೂ ಮಾಡಿಲ್ಲ. ಆಕೆಗೂ ಗೊತ್ತಿಲ್ಲ. ಅಣ್ಣ ನನ್ನ ಮುಖ ನೋಡಿದ, ನಾನು ಅಣ್ಣನ ಮುಖ ನೋಡಿದೆ. "ಮಾಡೋಣ. ಆದ್ರ ಅಕಿಗೆ ಗೊತ್ತಾಗಬಾರದು" ಅಂದ ಅಣ್ಣ.

ಒಂದು ಅನುಕೂಲ ಇತ್ತು. ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಲು ಅಕ್ಕ ಪ್ರತಿವರ್ಷ ಹಾನಗಲ್ಲಿಗೆ ಬಂದೇ ಬರುತ್ತಾಳೆ. ಹಂಗಾಗಿ ಆಕೆಯನ್ನು ಕರೆಸಲು ಯಾವ ಸುಳ್ಳೂ ಬೇಕಿರಲಿಲ್ಲ. ಇಂಥ ಕೆಲಸದಲ್ಲಿ ಮಂದಿ ಸಿಕ್ಕಿಬೀಳುವುದು ಬಹಳ ಮಾಡಿ ಈ ಕರೆಸುವ ಸುಳ್ಳಿನಲ್ಲೇ. "ಅವ್ವಗ ಆರಾಮಿಲ್ಲ, ಬಾ" ಅಂದರೆ ಆಕೆ ಮರುದಿನವೇ ಬಸ್ ಹತ್ತುತ್ತಾಳೆ. "ಸುಮ್ಮನ ಬಾ" ಅಂದರೆ "ಯಾಕ?" ಅಂತಾಳೆ. ಹೆಂಗೂ ಬರುವ ದಿನಕ್ಕೇ ಕಾರ್ಯಕ್ರಮ ಇಟ್ಟುಕೊಂಡರೆ ಬಾ ಅನ್ನುವ ಮಾತೇ ಬೇಕಾಗುವುದಿಲ್ಲ. 2024ರಲ್ಲಿ ಆ ಹುಣ್ಣಿಮೆ ಅಕ್ಟೋಬರ್ 17ಕ್ಕೆ, ಗುರುವಾರ. ಅವತ್ತೇ ವಾಲ್ಮೀಕಿ ಜಯಂತಿಯ ರಜೆ ಬೇರೆ.

ಸಪ್ಟೆಂಬರ್ ಹತ್ತರ ಸುಮಾರಿಗೆ ವಾಟ್ಸಾಪ್‌ನಲ್ಲಿ ಹೊಸ ಗ್ರೂಪ್ ಮಾಡಿದೆವು. ನಮ್ಮದೊಂದು ಹಳೇ ಗ್ರೂಪ್ ಇತ್ತು, ಹೆಸರು "ನಮ್ಮ ಮನಿ". ಅದರ ಏಕೈಕ ಅಡ್ಮಿನ್ ಅಕ್ಕ. ಹೊಸದಕ್ಕೆ ಸವಣೂರಿನ ತಂಗಿ ಅವಸರದಲ್ಲಿ "ನಮ್ಮ ಮನಿ 2" ಅಂತ ಹೆಸರಿಟ್ಟಳು. ಅಣ್ಣ, ವೈನಿ, ಸವಣೂರಿನ ತಂಗಿ, ಶಿಗ್ಗಾಂವಿಯ ತಮ್ಮ, ಪುಣೆಯಲ್ಲಿರುವ ಅಕ್ಕನ ಮಗ, ನಾನು, ಜೊತೆಗೆ ಹಿರೇಕೆರೂರಿನ ಮಾವ. ಮಾವ ಅಂದರೆ ಅಕ್ಕನ ಗಂಡ. ಏಳು ಮಂದಿ. ಅಕ್ಕ ಯಾರ ಪ್ರೊಫೈಲ್ ತೆಗೆದು ನೋಡಿದರೂ ಆಕೆಗೆ ಕಾಣುವುದು ತಾನೂ ಇರುವ ಗ್ರೂಪ್‌ಗಳು ಮಾತ್ರ. ಹಂಗಾಗಿ ಈ ಗ್ರೂಪ್ ಇದೆ ಅಂತ ಆಕೆಯ ಫೋನ್ ಎಂದೂ ಹೇಳುವುದಿಲ್ಲ. ಅಷ್ಟು ತಿಳಕೊಂಡು ನಾವು ಧೈರ್ಯದಿಂದ ಇದ್ದೆವು.

ನಾಲ್ಕನೇ ದಿನ ಮುಂಜಾನೆ ಏಳಕ್ಕೆ ತಮ್ಮ ಬರೆದ: "ಅಡಗಿಯವ್ರಿಗೆ ಹೇಳೀನಿ, ಅಕ್ಕಗ ಸುಳಿವು ಸಿಗದಂಗ ಹಿತ್ತಲದಾಗ ಒಲಿ ಹೂಡ್ತಾರ, ನಲವತ್ತೈದು ಮಂದಿಗೆ." ಬರೆದದ್ದು "ನಮ್ಮ ಮನಿ"ಯಲ್ಲಿ. ಅಕ್ಕ ಇರುವ ಗ್ರೂಪಿನಲ್ಲಿ.

ಎರಡೂ ಹೆಸರು ಒಂದೇ ನಮೂನಿ ಇದ್ದರೆ ಹೆಬ್ಬೆರಳು ತಪ್ಪುವುದು ದೊಡ್ಡ ಮಾತಲ್ಲ. ದೊಡ್ಡದಾದದ್ದು ಆಮೇಲಿನ ತಪ್ಪು. ತಮ್ಮನಿಗೆ ತಕ್ಷಣ ಗೊತ್ತಾಗಿದೆ, ಗಾಬರಿಯಲ್ಲಿ ಮೆಸೇಜ್ ಒತ್ತಿ ಹಿಡಿದು ಡಿಲೀಟ್ ಮಾಡಿದ್ದಾನೆ. ಆದರೆ ಒತ್ತಿದ್ದು Delete for everyone ಅಲ್ಲ, Delete for me. ಮೊದಲನೆಯದು ಎಲ್ಲರ ಫೋನಿನಿಂದ ಅಳಿಸುತ್ತದೆ. ಎರಡನೆಯದು ನಮ್ಮ ಫೋನಿನಿಂದ ಮಾತ್ರ. ತಪ್ಪು ಒತ್ತಿದವರಿಗೆ Undo ಅಂತ ಕೆಳಗೆ ಐದು ಸೆಕೆಂಡ್ ತೋರಿಸುತ್ತದೆ. ತಮ್ಮ ಆ ಐದು ಸೆಕೆಂಡ್ ಹಣೆ ಒರೆಸಿಕೊಳ್ಳುವುದರಲ್ಲಿ ಕಳೆದ. ಅವನ ಪಾಲಿಗೆ ಮೆಸೇಜ್ ಹೋಯಿತು. ನಮ್ಮೆಲ್ಲರ ಫೋನಿನಲ್ಲಿ ಅದು ಹಾಗೇ ಕಲ್ಲಿನ ಮೇಲೆ ಕೆತ್ತಿದಂತೆ ಕೂತಿತ್ತು. ಅವನ ಫೋನಿನಲ್ಲೇ ಇಲ್ಲದ ಮೆಸೇಜನ್ನು ಅವನು ಇನ್ನು ಅಳಿಸುವ ಹಾಗಿಲ್ಲ. ಬೇರೆಯವರ ಮೆಸೇಜ್ ಅಳಿಸುವ ಅಧಿಕಾರ ಅಡ್ಮಿನ್‌ಗೆ ಇರುತ್ತದೆ. ಅಡ್ಮಿನ್ ಯಾರು? ಅಕ್ಕ!

ನಾನು ಮಾವಗೆ ಫೋನ್ ಹಚ್ಚಿದೆ. "ಮಾವ, ಅಕ್ಕ ಎಲ್ಲಿದಾಳ?"

"ಜಳಕಕ್ಕ ಹೋಗ್ಯಾಳ. ಯಾಕವಾ?"

"ಅಕಿ ಫೋನ್ ಎಲ್ಲೈತಿ?"

"ಇಲ್ಲೇ ಚಾರ್ಜಿಗೆ ಹಾಕ್ಯಾಳ."

ಮಾವ ಫೋನ್ ಬಗ್ಗೆ ಅಷ್ಟೊಂದು ಬಲ್ಲವರಲ್ಲ. ಆದರೆ ಮೂವತ್ತೈದು ವರ್ಷ ಸಂಸಾರ ಮಾಡಿದವರು, ಆಕೆಯ ಲಾಕ್ ತೆಗೆಯುವುದು ಗೊತ್ತು. ಗ್ರೂಪ್ ತೆಗೀರಿ, ಆ ಮೆಸೇಜ್ ಒತ್ತಿ ಹಿಡೀರಿ, ಮೇಲೆ ಕಸದ ಡಬ್ಬಿ ಕಾಣತೈತಲ್ಲ, ಅದನ್ನ ಒತ್ತರಿ, Delete for me ಅಂತ ಬರತೈತಿ... ಹೀಗೆ ಒಂದೊಂದೇ ಹೆಜ್ಜೆ ಹೇಳಿಸಿದೆ. ನಮ್ಮನ್ನು ಮುಳುಗಿಸಿದ ಅದೇ ಬಟನ್ ನಮ್ಮನ್ನು ದಡ ಹತ್ತಿಸಿತು. Delete for everyone ಮಾಡಿದ್ದರೆ "ಈ ಮೆಸೇಜ್ ಅಳಿಸಲಾಗಿದೆ" ಅನ್ನುವ ಗುರುತು ಅಲ್ಲಿ ಉಳಿಯುತ್ತಿತ್ತು. ಅಕ್ಕ ಮಾಸ್ತರಿಣಿ, "ಏನ ಅಳಿಸಿದ್ಯೋ?" ಅಂತ ಕೇಳದೆ ಬಿಡುತ್ತಿರಲಿಲ್ಲ. ಆಕೆಯ ಫೋನಿನಲ್ಲೇ Delete for me ಮಾಡಿದ್ದರಿಂದ ಯಾವ ಗುರುತೂ ಉಳಿಯಲಿಲ್ಲ. ಬಚ್ಚಲಿನಿಂದ "ಯಾರದು ಫೋನು?" ಅಂತ ಅಕ್ಕ ಕೂಗಿದ್ದು ನನಗೂ ಕೇಳಿಸಿತು. "ಯಾರೋ ಸಾಲ ಬೇಕೇನ್ರಿ ಅಂತ ಕೇಳಾಕತ್ತಾರ" ಅಂದರು ಮಾವ. ಅವರಿಗೆ ಇಷ್ಟು ಬುದ್ಧಿ ಇದೆ ಅಂತ ಅವತ್ತೇ ನನಗೆ ಗೊತ್ತಾಗಿದ್ದು.

ಅವತ್ತು ಮಧ್ಯಾಹ್ನವೇ ಗ್ರೂಪಿನ ಹೆಸರು ಬದಲಾಯಿತು. ಅಣ್ಣ ಇಟ್ಟ ಹೆಸರು "ಗೊಬ್ಬರ ವಿಚಾರ". ಯೂರಿಯಾ ಚೀಲದ ಫೋಟೋ ಹಾಕಿದೆವು. ಗುಟ್ಟಿನ ಗ್ರೂಪಿಗೆ "ಸರ್‌ಪ್ರೈಸ್" ಅಂತಲೋ "ಶ್ ಶ್" ಅಂತಲೋ ಹೆಸರಿಟ್ಟರೆ ಪಕ್ಕದಲ್ಲಿ ಕೂತವರ ಕಣ್ಣು ತಾನಾಗಿ ಅತ್ತ ಹೋಗುತ್ತದೆ. ಗೊಬ್ಬರದ ಗ್ರೂಪನ್ನು ಯಾರು ಇಣುಕುತ್ತಾರೆ? ಹೊಸಬರನ್ನು ಸೇರಿಸುವ ಅಧಿಕಾರ ಎಲ್ಲರಿಗೂ ಇತ್ತು, ಅದನ್ನು ಅಡ್ಮಿನ್‌ಗೆ ಮಾತ್ರ ಅಂತ ಮಾಡಿದೆ. ಗ್ರೂಪಿಗೆ ಬಂದ ಫೋಟೋ ತಾನಾಗಿ ಫೋನಿನ ಗ್ಯಾಲರಿಗೆ ಹೋಗಿ ಕೂರುತ್ತದೆ. ಅಕ್ಕ ಹಾನಗಲ್ಲಿಗೆ ಬಂದಾಗ ಅಣ್ಣನ ಫೋನಿನಲ್ಲಿ ಮೊಮ್ಮಕ್ಕಳ ಫೋಟೋ ನೋಡುವ ರೂಢಿ. ಅದಕ್ಕೆ ಎಲ್ಲರ ಫೋನಿನಲ್ಲೂ ಈ ಗ್ರೂಪಿನ Media visibility ತೆಗೆದು No ಮಾಡಿಸಿದೆ. ಅಕ್ಕನ ಮನೆಯಲ್ಲೇ ಇರುವ ಮಾವನ ಫೋನಿನಲ್ಲಿ ಆ ಚಾಟ್‌ಗೇ ಬೀಗ ಹಾಕಿಸಿದೆವು. ಹಾಗೆ ಮಾಡಿದರೆ ಮೆಸೇಜ್ ಬಂತು ಅನ್ನುವುದಷ್ಟೇ ಮೇಲೆ ತೋರುತ್ತದೆ, ಯಾರದ್ದು, ಏನು ಅನ್ನುವುದು ಕಾಣುವುದಿಲ್ಲ.

ಇನ್ನು ಅಕ್ಕನ ಹಳೇ ವಿದ್ಯಾರ್ಥಿಗಳು. ಇಪ್ಪತ್ತು ಮಂದಿಯನ್ನು ಕರೆಯುವ ಆಸೆ ಇತ್ತು. ಅವರನ್ನು ಗ್ರೂಪಿಗೆ ಹಾಕೋಣ ಅಂದಳು ತಂಗಿ. ಬೇಡ ಅಂದೆ. ಏಳು ಮಂದಿಯ ಗ್ರೂಪಿನಲ್ಲೇ ಇಷ್ಟಾಗಿದೆ, ಇಪ್ಪತ್ತೇಳು ಆದರೆ ಹಿರೇಕೆರೂರಿನ ಸಂತೆಯಲ್ಲಿ ಯಾರಾದರೊಬ್ಬರು ಎದುರಾಗಿ "ಟೀಚರ್, ಹುಣ್ಣಿಮಿಗೆ ಸಿಗೋಣ್ರಿ" ಅಂದೇ ಅನ್ನುತ್ತಾರೆ. ಅವರಿಗೆ ಅಕ್ಕನ ಮಗ ಒಬ್ಬೊಬ್ಬರಿಗೇ ಫೋನ್ ಮಾಡಿ ತಾರೀಖು ಮಾತ್ರ ಖಾಲಿ ಇಟ್ಟುಕೊಳ್ಳಲು ಹೇಳಿದ. ಯಾಕೆ, ಎಲ್ಲಿ ಅನ್ನುವುದನ್ನು ಎರಡು ದಿನ ಮೊದಲು ಹೇಳಿದರೆ ಸಾಕು ಅಂತ ಠರಾಯಿಸಿದೆವು.

ಫೋನಿನ ತೂತುಗಳನ್ನೆಲ್ಲ ಮುಚ್ಚಿದೆವು ಅಂದುಕೊಂಡಾಗ ಬ್ಯಾಂಕಿನ ಕಡೆಯಿಂದ ಒಂದು ತೆರೆಯಿತು. ಅಡಿಗೆಯವರಿಗೆ ಮುಂಗಡ ಕೊಡಲು ಮಾವ ಎಟಿಎಂನಿಂದ ಐದು ಸಾವಿರ ತೆಗೆದರು. ಖಾತೆ ಗಂಡ ಹೆಂಡತಿ ಇಬ್ಬರದ್ದು, ಅದಕ್ಕೆ ಕೊಟ್ಟ ನಂಬರ್ ಅಕ್ಕನದು. ಮಾವ ಮನೆ ಮುಟ್ಟುವುದರೊಳಗೆ ಮೆಸೇಜ್ ಅಕ್ಕನ ಫೋನಿಗೆ ಮುಟ್ಟಿತ್ತು. "ಐದು ಸಾವಿರ ಯಾಕ ತಗದ್ರಿ?" ಮಾವ "ಗೊಬ್ಬರಕ್ಕ" ಅಂದುಬಿಟ್ಟರು. ಮಾವನಿಗೆ ಹೊಲವೇ ಇಲ್ಲ. "ಹಾನಗಲ್ಲ ಅಳಿಯಗ ಕಡ ಬೇಕಾಗಿತ್ತಂತ" ಅಂತ ಹೆಂಗೋ ತೇಪೆ ಹಚ್ಚಿದರು. ಆಮೇಲೆ ದುಡ್ಡಿನ ಎಲ್ಲಾ ವ್ಯವಹಾರ ಅಣ್ಣನ ಖಾತೆಯಿಂದಲೇ ಆಗಬೇಕು ಅಂತ ಮಾಡಿದೆವು.

ಇಷ್ಟೆಲ್ಲಾ ಮಾಡುವಾಗ ಒಂದನ್ನು ಏಳು ಮಂದಿಯಲ್ಲಿ ಒಬ್ಬರೂ ನೋಡಲಿಲ್ಲ.

ಅಕ್ಟೋಬರ್ ಎರಡರ ರಾತ್ರಿ ಅಕ್ಕನ ಫೋನ್ ಬಂತು. ಗಾಂಧಿ ಜಯಂತಿ ರಜೆ, ನಾನು ಮನೆಯಲ್ಲೇ ಇದ್ದೆ. ಮಳೆ, ಮೊಣಕಾಲು ನೋವು, ಅವ್ವನ ಗುಳಿಗೆ ಎಲ್ಲಾ ಮಾತಾಡಿದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು.

"ಒಂದು ಕೇಳ್ಲೇನ? ಗ್ರೂಪಿನ್ಯಾಗ ಯಾಕ ಯಾರೂ ಮಾತಾಡವಲ್ರಿ? ನನ್ನ ಮ್ಯಾಲೆ ಏನರ ಸಿಟ್ಟೈತೇನ?"

ನನಗೆ ಎದೆ ಧಸಕ್ಕೆಂದಿತು. "ಇಲ್ಲಕ್ಕ, ಎಲ್ಲಾರೂ ಕೆಲಸದಾಗ ಅದಾರ" ಅಂದೆ.

"ದಿನಾ ಮುಂಜಾನೆ ನಾನೊಬ್ಬಾಕಿನ ಹೂವಿನ ಫೋಟೋ ಹಾಕ್ತೇನಿ. ಹದಿನೈದು ದಿನ ಆತು, ಒಬ್ರೂ ಉತ್ತರ ಕೊಟ್ಟಿಲ್ಲ. ನೌಕರಿ ಇರೋತನಾ ಎಲ್ಲಾರಿಗೂ ನಾ ಬೇಕಾಗಿದ್ದೆ. ಈಗ ಮನ್ಯಾಗ ಕುಂತೇನಲ್ಲ..." ಅಷ್ಟಕ್ಕೇ ನಿಲ್ಲಿಸಿ ಮೂಗು ಏರಿಸಿದಳು.

ಫೋನ್ ಇಟ್ಟ ಮೇಲೆ "ನಮ್ಮ ಮನಿ" ತೆಗೆದು ನೋಡಿದೆ. ದಾಸವಾಳ, ಕನಕಾಂಬರ, ಕೆರೆಯ ದಂಡೆಯ ಸೂರ್ಯ, ಮತ್ತೆ ದಾಸವಾಳ. ಎಲ್ಲವೂ ಅಕ್ಕನವೇ. ಕೆಳಗೆ ಒಂದು ಹೆಬ್ಬೆರಳೂ ಇಲ್ಲ. ಮೊದಲು ಆ ಗ್ರೂಪಿನಲ್ಲಿ ದಿನಕ್ಕೆ ಮೂವತ್ತು-ನಲವತ್ತು ಮೆಸೇಜ್ ಬೀಳುತ್ತಿದ್ದವು. ತಮ್ಮನ ಜೋಕು, ತಂಗಿಯ ಮಗಳ ರಂಗೋಲಿ, ವೈನಿಯ ಉಪ್ಪಿನಕಾಯಿ. ಅವೆಲ್ಲಾ ಎಲ್ಲಿ ಹೋದವು? ಗೊಬ್ಬರ ವಿಚಾರಕ್ಕೆ. ಯಾರೂ ಬೇಕಂತ ಮಾಡಿದ್ದಲ್ಲ. ಏಳೂ ಮಂದಿ ಅಲ್ಲಿ ಕೂತಿದ್ದೇವೆ, ಮಾತು ಅಲ್ಲೇ ಬೆಳೆಯಿತು. ಅಕ್ಕನ ಸಂಭ್ರಮದ ಸಲುವಾಗಿ ಮಾಡಿದ ಗ್ರೂಪಿನಿಂದಲೇ ಅಕ್ಕನೊಬ್ಬಳು ಹೊರಗೆ ಉಳಿದಿದ್ದಳು. ಗುಟ್ಟು ಸೋರುವುದು ಯಾರೋ ಬಾಯಿ ಬಿಟ್ಟಾಗ ಅಂದುಕೊಂಡಿದ್ದೆ. ನಮ್ಮಲ್ಲಿ ಸೋರಿದ್ದು ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರಿಂದ. ಪುಣ್ಯಕ್ಕೆ ಆ ಮೌನಕ್ಕೆ ಆಕೆ ಬೇರೆ ಅರ್ಥ ಹಚ್ಚಿದ್ದಳು. ಪುಣ್ಯ ಅಂತ ಹೇಗೆ ಅನ್ನಲಿ?

ಆ ರಾತ್ರಿಯೇ ಗೊಬ್ಬರ ವಿಚಾರದಲ್ಲಿ ಬರೆದೆ, "ಅಕ್ಕ ಅತ್ತಳು." ತಮ್ಮ, "ಹೇಳಿಬಿಡೋಣ, ಸಾಕು" ಅಂದ. ಅಣ್ಣ, "ಇನ್ನ ಹದಿನೈದ ದಿನ ಐತಿ, ತಡ್ಕೋ" ಅಂದ. ಅಕ್ಕನ ಮಗ ಏನೂ ಬರೆಯಲಿಲ್ಲ, ನೇರ ತಾಯಿಗೆ ಫೋನ್ ಮಾಡಿದ. ಕೊನೆಗೆ ಹೇಳುವುದು ಬೇಡ, ಆದರೆ ಮಾತು ಮರಳಿ ಹಳೇ ಗ್ರೂಪಿಗೆ ಹೋಗಬೇಕು ಅಂತ ತೀರ್ಮಾನವಾಯಿತು.

ಮೊದಲು ಪಾಳಿ ಹಚ್ಚಿ ನೋಡಿದೆವು. ಸೋಮವಾರ ಅಣ್ಣ, ಮಂಗಳವಾರ ತಂಗಿ, ಹಿಂಗೆ. ಅದು ನಾಟಕದ ಮಾತಿನ ಹಾಗೆ ಕೇಳಿಸಿತು. ಅಕ್ಕನ ಹೂವಿಗೆ ಏಳು ಮಂದಿಯೂ ಹತ್ತು ನಿಮಿಷದೊಳಗೆ "ಸೂಪರ್ ಅಕ್ಕ" ಅಂತ ಹಾಕಿದರೆ ಯಾರಿಗೆ ಅನುಮಾನ ಬರುವುದಿಲ್ಲ? ದಾರಿ ತೋರಿಸಿದ್ದು ಸವಣೂರಿನ ತಂಗಿಯ ಮಗಳು. ಹತ್ತನೇ ಇಯತ್ತೆ, ಕನ್ನಡ ವ್ಯಾಕರಣ ತಲೆಗೆ ಹೋಗುತ್ತಿರಲಿಲ್ಲ. "ದೊಡ್ಡವ್ವಾ, ಉಪಮಾಕ್ಕೂ ರೂಪಕಕ್ಕೂ ಏನ ಫರಕ?" ಅಂತ ಖರೇನೇ ಕೇಳಿದಳು. ಅಕ್ಕ ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದಳು. ಮರುದಿನ ಹುಡುಗಿ ಸಂಧಿ ಕೇಳಿದಳು. ಮೂರನೇ ದಿನ ತಮ್ಮ ನಡುವೆ ಬಾಯಿ ಹಾಕಿ ತಪ್ಪು ಉದಾಹರಣೆ ಕೊಟ್ಟು ಬೈಸಿಕೊಂಡ. ಅಲ್ಲಿಂದ ಯಾರಿಗೂ ಪಾಳಿ ಬೇಕಾಗಲಿಲ್ಲ. ಅಕ್ಕನಿಗೆ ಹೊಗಳಿಕೆ ಬೇಕಿರಲಿಲ್ಲ, ತನ್ನನ್ನು ಏನಾದರೂ ಕೇಳುವವರು ಬೇಕಿತ್ತು. ಗೊಬ್ಬರ ವಿಚಾರದಲ್ಲಿ ರಾತ್ರಿ ಒಂಬತ್ತರ ಮೇಲೆ ಮಾತ್ರ, ಅದೂ ಕೆಲಸದ ಮಾತಷ್ಟೇ ಅಂತ ನಿಯಮ ಹಾಕಿಕೊಂಡೆವು.

ಅಕ್ಟೋಬರ್ 15ಕ್ಕೆ ಶಿಗ್ಗಾಂವಿ ವಿಧಾನಸಭಾ ಕ್ಷೇತ್ರಕ್ಕೆ ಉಪಚುನಾವಣೆ ಘೋಷಣೆ ಆಯಿತು. ಮತದಾನ ನವೆಂಬರ್ 13ಕ್ಕೆ. ಸವಣೂರು ತಾಲ್ಲೂಕೂ ಅದೇ ಕ್ಷೇತ್ರದಲ್ಲಿ ಬರುತ್ತದೆ. ನೀತಿ ಸಂಹಿತೆ ಅವತ್ತಿನಿಂದಲೇ ಜಾರಿ. ನಮಗೂ ಚುನಾವಣೆಗೂ ಏನು ಸಂಬಂಧ ಅಂತ ನಾವ್ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಸಂಬಂಧ ಇತ್ತು. ಬಂದವರಿಗೆ ಕೊಡಲು ತಮ್ಮ ಅರವತ್ತು ಸ್ಟೀಲ್ ಡಬ್ಬಿ ಮಾಡಿಸಿದ್ದ. ಪ್ರತಿ ಡಬ್ಬಿಯ ಮೇಲೆ ಅಕ್ಕನ ಫೋಟೋ ಇರುವ ಸ್ಟಿಕರ್. ಅಕ್ಕ ಎರಡೂ ಕೈ ಜೋಡಿಸಿ ನಗುತ್ತಿರುವ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ "ನಮ್ಮ ಅಕ್ಕ". 16ರ ಸಂಜೆ ಅವನ್ನು ಕಾರಿನಲ್ಲಿ ಹಾಕಿಕೊಂಡು ಹಾನಗಲ್ಲಿನ ಕಡೆ ಹೊರಟವನನ್ನು ದಾರಿಯ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದರು. ಡಿಕ್ಕಿ ತೆಗೆಸಿದರು. ಅವರು ಏನು ತಿಳಿದುಕೊಳ್ಳಬೇಕು ನೀವೇ ಹೇಳಿ.

"ಈ ಅಕ್ಕಾರು ಯಾವ ಪಕ್ಷದವರ್ರೀ?"

ತಮ್ಮ ಹೇಳಿದ, ಇವರು ನಮ್ಮ ಅಕ್ಕ, ನಾಳೆ ಅರವತ್ತು ತುಂಬತಾವು. "ಹಂಗಾರ ಅವರಿಗೇ ಒಂದು ಫೋನ್ ಹಚ್ಚಿ ಕೊಡ್ರಿ, ಮಾತಾಡ್ತೇವಿ" ಅಂದರು. ನ್ಯಾಯವಾದ ಮಾತೇ. ಆದರೆ ತಿಂಗಳಿಂದ ಕಾಪಾಡಿದ್ದು ಆ ಒಂದು ಫೋನಿನಲ್ಲಿ ಮುಗಿದುಹೋಗುತ್ತಿತ್ತು. "ಸಾಹೇಬ್ರ, ಅವರಿಗೊಬ್ಬರಿಗೆ ಮಾತ್ರ ಹಚ್ಚಬ್ಯಾಡ್ರಿ, ಬೇರೆ ಯಾರಿಗೆ ಬೇಕಾದ್ರೂ ಹಚ್ಚರಿ" ಅಂದಿದ್ದಾನೆ. ಹಿಂಗೆ ಅಂದರೆ ಅನುಮಾನ ಇನ್ನೂ ಹೆಚ್ಚಾಗುತ್ತದೆ. ಗ್ರೂಪ್ ತೋರಿಸಲು ಹೋದ, ಹೆಸರು "ಗೊಬ್ಬರ ವಿಚಾರ", ಅದಕ್ಕೂ ನಕ್ಕರು. ಕೊನೆಗೆ ಕೈಹಿಡಿದದ್ದು ಎರಡು ಕಾಗದ. ಡಬ್ಬಿ ಅಂಗಡಿಯ ಬಿಲ್ಲು, ಅದರಲ್ಲಿ ತಮ್ಮನ ಹೆಸರು ಇತ್ತು. ಇನ್ನೊಂದು, ಗ್ರೂಪಿನಲ್ಲೇ ಇದ್ದ ಅಕ್ಕನ ನಿವೃತ್ತಿ ಆದೇಶದ ಫೋಟೋ. ಹೆಸರು, ಮುಖ, ನೌಕರಿ ಎಲ್ಲಾ ಹೊಂದಿದ ಮೇಲೆ ವಾಹನದ ನಂಬರ್ ಬರಕೊಂಡು ಬಿಟ್ಟರು. ಚುನಾವಣೆ ಕಾಲದಲ್ಲಿ ಐವತ್ತು ಸಾವಿರಕ್ಕಿಂತ ಹೆಚ್ಚು ನಗದಿಗೆ ದಾಖಲೆ ಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಒಂದೇ ನಮೂನಿಯ ಅರವತ್ತು ಡಬ್ಬಿಗೂ ಬಿಲ್ಲು ಜೊತೆಗಿರಬೇಕು ಅನ್ನುವುದು ನಮಗೆ ಅವತ್ತು ಗೊತ್ತಾಯಿತು. ನಾವು ಅಕ್ಕನಿಂದ ಮುಚ್ಚಿಡುವುದರಲ್ಲೇ ಇದ್ದೆವು. ಮುಚ್ಚಿಟ್ಟದ್ದು ಬೇರೆಯವರ ಕಣ್ಣಿಗೆ ಹೆಂಗೆ ಕಾಣುತ್ತದೆ ಅಂತ ಯೋಚಿಸಿರಲಿಲ್ಲ.

17ಕ್ಕೆ ಎಲ್ಲರೂ ಹೊಲಕ್ಕೆ ಹೋದೆವು. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಕಡುಬು, ಮೊಸರ ಬುತ್ತಿ. ಅಕ್ಕ ಭೂತಾಯಿಗೆ ಉಡಿ ತುಂಬಿದಳು, ಅಣ್ಣ ಚರಗ ಚೆಲ್ಲಿದ. ಪ್ರತಿವರ್ಷದ ಹಾಗೇ. ನಾವು ಅಲ್ಲಿರುವಾಗಲೇ ಮನೆಯಲ್ಲಿ ವೈನಿ ಮತ್ತು ಪುಣೆಯಿಂದ ಬಂದ ಅಕ್ಕನ ಮಗ ಸೇರಿ ವಿದ್ಯಾರ್ಥಿಗಳನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ಸಂಜೆ ನಾಲ್ಕಕ್ಕೆ ಹಿಂತಿರುಗಿದೆವು. ಬಾಗಿಲ ಹೊರಗೆ ಇಪ್ಪತ್ತು ಜೋಡಿ ಚಪ್ಪಲಿ! ಅವನ್ನು ಹಿತ್ತಲಿಗೆ ಒಯ್ಯಲು ಎಲ್ಲರೂ ಮರೆತಿದ್ದರು. ಅಕ್ಕ ಗಕ್ಕನೆ ನಿಂತಳು, ಮುಖ ಬೆಳ್ಳಗಾಯಿತು. "ಅವ್ವ..." ಅಂದಳು. ಹೊಲಕ್ಕೆ ಬರದೆ ಅವ್ವ ಮನೆಯಲ್ಲೇ ಉಳಿದಿದ್ದಳು. ಮನೆ ಮುಂದೆ ಅಷ್ಟು ಚಪ್ಪಲಿ ಕಂಡರೆ ನಮ್ಮ ಕಡೆ ಮೊದಲು ಬರುವ ಯೋಚನೆ ಅದೇ. ಒಳಗೆ ಓಡಿದಳು.

ಅವ್ವ ಪಡಸಾಲೆಯ ನಡುವೆ ಕುರ್ಚಿ ಮೇಲೆ ಕೂತಿದ್ದಳು. ಸುತ್ತ ದೊಡ್ಡವರಾದ ಮಕ್ಕಳು. ಅಕ್ಕನಿಗೆ ಎಷ್ಟು ಹೊತ್ತು ಏನೂ ತಿಳಿಯಲಿಲ್ಲ. ಅವ್ವನೇ ಅಂದಳು, "ಬಾ ಇಲ್ಲೆ. ಇವತ್ತ ನೀ ಹುಟ್ಟಿದ್ದು." ಆಮೇಲೆ ಬುತ್ತಿ ಕಟ್ಟಿ ಕಳಿಸಿದ್ದು, ಹೊಟ್ಟೆ ನೋವು ಬಂದದ್ದು, ಸೂಲಗಿತ್ತಿಯನ್ನು ಕರೆಯಲು ಹೋದವರು ಹಬ್ಬದ ಗದ್ದಲದಲ್ಲಿ ತಡ ಮಾಡಿದ್ದು, ಹೊರಗೆ ಬೆಳದಿಂಗಳು ಬಿದ್ದ ಮೇಲೆ ಕೂಸು ಅತ್ತದ್ದು, ಎಲ್ಲಾ ಹೇಳಿದಳು. ಅರವತ್ತು ವರ್ಷಕ್ಕೆ ಅಕ್ಕ ತಾನು ಹುಟ್ಟಿದ ಕತೆ ಮೊದಲ ಸಲ ಕೇಳಿದಳು. ಅವ್ವನ ಕಾಲ ಹತ್ತಿರ ಕೂತು ಕೇಳಿದಳು. ಕೇಕು, ಹಾರ, ಡಬ್ಬಿ, ಸವಣೂರಿನ ಖಾರ ಎಲ್ಲಾ ಆಮೇಲೆ ಬಂದವು, ಅವು ಯಾರಿಗೂ ಅಷ್ಟು ನೆನಪಿಲ್ಲ.

ರಾತ್ರಿ ಅಂಗಳದಲ್ಲಿ ಕೂತಾಗ ಅಕ್ಕನನ್ನು ಗೊಬ್ಬರ ವಿಚಾರಕ್ಕೆ ಸೇರಿಸಿದೆವು. ಆದರೆ ಹೊಸದಾಗಿ ಸೇರಿದವರಿಗೆ ಹಿಂದಿನ ಮಾತು ಕಾಣಲಿಲ್ಲ. "ಮೊದಲಿಂದ ತೋರ್ಸರಿ" ಅಂದಳು. ನನ್ನ ಫೋನನ್ನೇ ಕೊಟ್ಟೆ. ಕನ್ನಡಕ ಹಾಕಿಕೊಂಡು, ಮಕ್ಕಳ ನೋಟ್‌ಬುಕ್ ತಿದ್ದುವವರ ಹಾಗೆ ಮೇಲಿಂದ ಒಂದೊಂದೇ ಓದಿದಳು. ಜಳಕದ ಪ್ರಸಂಗಕ್ಕೆ ಮಾವನ ಕಡೆ ನೋಡಿದಳು. ಐದು ಸಾವಿರದ ಗೊಬ್ಬರಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಕ್ಟೋಬರ್ ಎರಡಕ್ಕೆ ಬಂದಾಗ ಬೆರಳು ನಿಂತಿತು. "ಅಕ್ಕ ಅತ್ತಳು" ಅನ್ನುವ ನನ್ನ ಸಾಲು. ಅದರ ಕೆಳಗೆ ಹೇಳಬೇಕೋ ಬೇಡವೋ ಅಂತ ನಾವು ಮಾಡಿದ ವಾದ.

ಫೋನ್ ನನ್ನ ಕೈಗೆ ಕೊಟ್ಟು ಅಂದಳು, "ಎಲ್ಲಾ ಛಲೋ ಮಾಡೀರಿ. ಆದ್ರ ಆ ಹದಿನೈದು ದಿನ ನಾ ಒಬ್ಬಾಕಿನ ಇದ್ದೆ ನೋಡ್ರಿ."

ಸಿಟ್ಟಿನಿಂದ ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅಣ್ಣ ಎದ್ದು ಹೋಗಿ ಎಲಿ ಅಡಿಕಿ ತಟ್ಟೆ ತಂದಿಟ್ಟ.

ಗೊಬ್ಬರ ವಿಚಾರ ಈಗಲೂ ಇದೆ, ಹೆಸರು ಬದಲಿಸಲು ಅಕ್ಕ ಬಿಡಲಿಲ್ಲ. ಮುಂಜಾನೆ ಆರೂವರೆಗೆ ಅಲ್ಲೊಂದು ದಾಸವಾಳ, "ನಮ್ಮ ಮನಿ"ಯಲ್ಲೊಂದು ದಾಸವಾಳ ಬೀಳುತ್ತದೆ. ಎರಡಕ್ಕೂ ಎಲ್ಲರೂ ಉತ್ತರ ಕೊಡುತ್ತೇವೆ.